ಸ್ಪೈಕ್ಸ್ ಕೊಡಿಸುವ ಅಪ್ಪನ ಕಥೆ: ಮೊದಲು ಪಾದದ ಅಳತೆ ತೆಗೆಯಿರಿ

ಪ್ರಶ್ನೆ: ನಾನೊಂದು ಸಣ್ಣ ಕಥೆ ಬರೆಯುತ್ತಿದ್ದೇನೆ. ಹನ್ನೆರಡು ವರ್ಷದ ಹುಡುಗಿ, 200 ಮೀಟರ್ ಓಡುತ್ತಾಳೆ. ಅವಳ ಅಪ್ಪ ಆರೇಳು ತಿಂಗಳು ಗುಟ್ಟಾಗಿ ದುಡ್ಡು ಕೂಡಿಟ್ಟು, ಶಾಲಾ ಕ್ರೀಡಾಕೂಟದ ಹಿಂದಿನ ರಾತ್ರಿ ಅವಳ ಕೈಗೆ ಅಡಿಯಲ್ಲಿ ಪಿನ್ ಇರುವ ಓಟದ ಶೂ, ಸ್ಪೈಕ್ಸಿನ ಡಬ್ಬಿ ಕೊಡುತ್ತಾನೆ. ಮರುದಿನ ಅವಳು ಗೆಲ್ಲುತ್ತಾಳೆ. ಓದಿದವರೆಲ್ಲ "ಚೆನ್ನಾಗಿದೆ, ಆದರೆ ಎಲ್ಲೋ ಓದಿದ ಹಾಗಿದೆ" ಅನ್ನುತ್ತಾರೆ. ನನಗೆ ಓಟದ ಬಗ್ಗೆ ಏನೂ ಗೊತ್ತಿಲ್ಲ. ಏನು ಬದಲಾಯಿಸಲಿ?

ಉತ್ತರ: ಮೊದಲು ಆ ಹಿಂದಿನ ರಾತ್ರಿಯನ್ನು ಕಥೆಯಿಂದ ತೆಗೆದುಬಿಡಿ. ನಾನು ತುಂಬಾ ವರ್ಷ ಶಾಲಾ ಮಕ್ಕಳಿಗೆ ಓಟ ಕಲಿಸಿದವಳು. ಹೊಸ ಸ್ಪೈಕ್ಸ್ ಹಾಕಿಕೊಂಡು ನೇರವಾಗಿ ರೇಸಿಗೆ ಇಳಿದ ಮಗುವಿನ ಕಥೆ ಹೇಗೆ ಮುಗಿಯುತ್ತದೆ ಎಂದು ಕಣ್ಣಾರೆ ನೋಡಿದ್ದೇನೆ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬ ಹುಡುಗಿಗೆ ಮನೆಯವರು ಹೀಗೇ ಪ್ರೀತಿಯಿಂದ ಹಿಂದಿನ ದಿನ ತಂದುಕೊಟ್ಟಿದ್ದರು. ಬೆಳಗ್ಗೆ ಹೀಟ್ಸ್, ಅಂದರೆ ಫೈನಲ್‌ಗೆ ಆರಿಸುವ ಮೊದಲ ಸುತ್ತು, ಓಡಿದಳು. ಮಧ್ಯಾಹ್ನ ಫೈನಲ್ ಹೊತ್ತಿಗೆ ಎರಡೂ ಮೀನಖಂಡ ಕಲ್ಲಿನ ಹಾಗೆ ಬಿಗಿದುಕೊಂಡಿದ್ದವು. ಹಿಮ್ಮಡಿಯ ಹಿಂದೆ ಬೊಬ್ಬೆ ಒಡೆದು ಕಾಲುಚೀಲ ಅಂಟಿಕೊಂಡಿತ್ತು. ತಡೆಯಬೇಕಾದವಳು ನಾನು, ಆವತ್ತು ತಡೆಯಲಿಲ್ಲ.

ಯಾಕೆ ಹೀಗಾಗುತ್ತದೆ ಎಂದು ತಿಳಿದರೆ ನಿಮ್ಮ ಕಥೆಗೂ ದಾರಿ ಸಿಗುತ್ತದೆ. ಕಡಿಮೆ ದೂರದ ಓಟದ ಸ್ಪೈಕ್ಸ್ ಮಾಮೂಲಿ ಶೂ ಥರ ಇರುವುದಿಲ್ಲ. ಮುಂದಿನ ಅರ್ಧದಲ್ಲಿ ಒಂದು ಗಟ್ಟಿ ತಟ್ಟೆ, ಅದರಲ್ಲಿ ತಿರುಗಿಸಿ ಕೂರಿಸುವ ಆರೇಳು ಪಿನ್. ತುದಿ ದೋಣಿಯ ಮೂತಿಯ ಹಾಗೆ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಹಿಮ್ಮಡಿಯ ಕೆಳಗೆ ಮೆತ್ತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಾಮೂಲಿ ಶೂನಲ್ಲಿ ಹಿಮ್ಮಡಿ ಎತ್ತರದಲ್ಲಿರುತ್ತದೆ, ಇಲ್ಲಿ ತಗ್ಗಿನಲ್ಲಿ. ಹಾಗಾಗಿ ಪ್ರತಿ ಹೆಜ್ಜೆಗೂ ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಸ್ನಾಯುರಜ್ಜು ಅಭ್ಯಾಸವಿಲ್ಲದಷ್ಟು ಎಳೆದುಕೊಳ್ಳಬೇಕು. ಮೊದಲ ಸಲ ಹಾಕಿಕೊಂಡ ಮಕ್ಕಳು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಮುಂದಕ್ಕೆ ಬಿದ್ದುಬಿಡ್ತೀನಿ ಅನ್ಸುತ್ತೆ." ಅದು ನಿಜವಾದ ಮಾತು. ನಿಮ್ಮ ಹುಡುಗಿಯ ಬಾಯಲ್ಲೂ ಅದನ್ನೇ ಇಡಿ.

ಹಾಗಾದರೆ ಶೂ ಯಾವಾಗ ಕೈಗೆ ಬರಬೇಕು? ಕ್ರೀಡಾಕೂಟಕ್ಕೆ ಎರಡು ಮೂರು ವಾರ ಮೊದಲು. "ಆಗ ನನ್ನ ಕ್ಲೈಮ್ಯಾಕ್ಸೇ ಹೋಯಿತಲ್ಲ" ಅಂತೀರಾ? ಹೋಗಲಿ ಬಿಡಿ. ನಿಮ್ಮ ಸ್ನೇಹಿತರು ಎಲ್ಲೋ ಓದಿದ ಹಾಗಿದೆ ಅಂದದ್ದು ಅದನ್ನೇ. ಡಬ್ಬಿ ಬಿಚ್ಚುವುದು, ಕಣ್ಣು ತುಂಬುವುದು, ಮರುದಿನ ಗೆಲ್ಲುವುದು: ಈ ಮೂರರಲ್ಲೂ ಶೂ ಬದಲು ಬೇರೆ ಏನನ್ನು ಇಟ್ಟರೂ ಕಥೆ ಹಾಗೇ ನಡೆಯುತ್ತದೆ. ವಯೋಲಿನ್ ಇಡಿ, ಸೈಕಲ್ ಇಡಿ, ಏನೂ ವ್ಯತ್ಯಾಸ ಆಗುವುದಿಲ್ಲ. ಸ್ಪೈಕ್ಸ್ ಇದ್ದರೆ ಮಾತ್ರ ನಡೆಯುವಂಥದ್ದು ಏನು ಎಂದು ಹುಡುಕಬೇಕು.

ಅದು ಇದೆ. ನಿಮ್ಮ ಕಥೆಯೊಳಗೇ ಇದೆ, ನೀವು ನೋಡಿಲ್ಲ ಅಷ್ಟೇ. ಅಪ್ಪ ಆರೇಳು ತಿಂಗಳು ಕೂಡಿಡುತ್ತಾನೆ. ಹನ್ನೆರಡು ವರ್ಷದ ಹುಡುಗಿಯ ಪಾದ ಅಷ್ಟು ದಿನ ಸುಮ್ಮನೆ ಕೂತಿರುವುದಿಲ್ಲ.

ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಎತ್ತರ ಜೋರಾಗಿ ಏರುವ ಮೊದಲೇ ಪಾದ ಬೆಳೆದುಬಿಡುತ್ತದೆ. ಗಿಡ ಮೇಲೇಳುವ ಮೊದಲು ಬೇರು ಬಿಟ್ಟ ಹಾಗೆ. ಅರ್ಧ ವರ್ಷದಲ್ಲಿ ಐದಾರು ಮಿಲಿಮೀಟರ್ ಬೆಳೆದರೆ ಆಶ್ಚರ್ಯ ಪಡಬೇಕಾದ್ದೇನಿಲ್ಲ. ಬ್ರಿಟಿಷ್ ಅಳತೆಯಲ್ಲಿ ಒಂದು ಸೈಜಿಗೂ ಮುಂದಿನ ಸೈಜಿಗೂ ಇರುವ ವ್ಯತ್ಯಾಸ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಮಾಮೂಲಿ ಶೂ ಆದರೆ ಹೆಬ್ಬೆರಳ ಮುಂದೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಕೊಳ್ಳುತ್ತೇವೆ, "ಬೆಳೆಯೋ ಕಾಲು, ಸ್ವಲ್ಪ ದೊಡ್ಡದೇ ಇರಲಿ" ಅನ್ನುತ್ತೇವೆ. ಸ್ಪೈಕ್ಸಿಗೆ ಆ ಮಾತು ನಡೆಯುವುದಿಲ್ಲ. ಬೆರಳ ಮುಂದೆ ಮೂರರಿಂದ ಐದು ಮಿಲಿಮೀಟರ್ ಇದ್ದರೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ತಿರುವಿನಲ್ಲಿ ಪಾದ ಒಳಗೇ ಜಾರುತ್ತದೆ, ಹಿಮ್ಮಡಿ ಕಳಚಿ ಬರುತ್ತದೆ. ಕಡಿಮೆಯಾದರೆ ಬೆರಳು ಮಡಚಿಕೊಳ್ಳುತ್ತದೆ, ವಾರ ಕಳೆಯುವುದರೊಳಗೆ ಉಗುರು ಕಪ್ಪಾಗುತ್ತದೆ. ಅಪ್ಪನಿಗೆ ತಪ್ಪು ಮಾಡಲು ಇರುವ ಜಾಗವೇ ಅಷ್ಟು ಕಿರಿದು. ಒಬ್ಬ ಅಪ್ಪ ದುಡ್ಡು ಕೂಡಿಡುತ್ತಾನೆ, ಅಷ್ಟೇ ದಿನ ಮಗಳ ಪಾದ ಆ ದುಡ್ಡಿನ ಗುರಿಯನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ನಿಮ್ಮ ಕಥೆ ಇದೇ.

ಈಗ ಇದನ್ನು ಅಂಕಿ ಹಾಕಿ ನೋಡೋಣ. ಬರೆಯುವಾಗ ಅಂಕಿ ಕಾಣಬೇಕಾಗಿಲ್ಲ, ಆದರೆ ನಿಮಗೆ ಗೊತ್ತಿರಬೇಕು. ಗುಟ್ಟಾಗಿ ಕೊಡಿಸಬೇಕೆಂದು ಹೊರಟ ಅಪ್ಪ ಅಳತೆಯನ್ನೂ ಗುಟ್ಟಾಗಿಯೇ ತೆಗೆಯಬೇಕು. ಮಗಳು ಮಲಗಿರುವಾಗ ಅಂಗಾಲಿಗೆ ಕಾಗದ ಒತ್ತಿ ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾನೆ ಅನ್ನಿ. ಅಲ್ಲೇ ಮೊದಲ ಎಡವಟ್ಟು. ಮಲಗಿದ ಪಾದದ ಮೇಲೆ ಮೈಭಾರ ಇರುವುದಿಲ್ಲ. ಎದ್ದು ನಿಂತಾಗ ಪಾದದ ಕಮಾನು ಸ್ವಲ್ಪ ಇಳಿದು ಪಾದ ಕೆಲವು ಮಿಲಿಮೀಟರ್ ಉದ್ದವಾಗುತ್ತದೆ, ಅಗಲವೂ ಆಗುತ್ತದೆ. ಜೊತೆಗೆ ಪೆನ್ಸಿಲ್ ಒಳಕ್ಕೆ ವಾಲಿದರೆ ಗೆರೆ ಪಾದದ ಅಡಿಗೆ ನುಗ್ಗುತ್ತದೆ, ಅಲ್ಲಿ ಇನ್ನಷ್ಟು ಹೋಯಿತು. ಅವಳ ಪಾದ ನಿಂತಾಗ 228 ಮಿಲಿಮೀಟರ್ ಇದ್ದರೆ ಅಪ್ಪನ ಕಾಗದದಲ್ಲಿ 224 ಬಂದಿರುತ್ತದೆ. ಆರು ತಿಂಗಳ ನಂತರ ನಿಜವಾದ ಪಾದ 234 ಆಗಿದೆ. ಅಪ್ಪನ ಜೇಬಿನಲ್ಲಿ ಮಡಚಿಟ್ಟ ಕಾಗದ ಮಾತ್ರ 224ರಲ್ಲೇ ನಿಂತಿದೆ. ಹತ್ತು ಮಿಲಿಮೀಟರ್ ಅಂದರೆ ಒಂದು ಸೈಜಿಗಿಂತ ಜಾಸ್ತಿ. ಹಿಂದಿನ ರಾತ್ರಿ ಡಬ್ಬಿ ಕೊಟ್ಟರೆ ಅದರೊಳಗಿನ ಶೂ ಅವಳ ಕಾಲಿಗೆ ಹೋಗುವುದೇ ಇಲ್ಲ.

ಅಂಥ ಕ್ರೂರ ಮುಕ್ತಾಯ ಬರೆಯಬಹುದು. ಬರೆಯಬೇಡಿ ಎಂದೇ ನಾನು ಹೇಳುವುದು. ಅಷ್ಟು ತಿಂಗಳು ಮಗಳ ಕಾಲನ್ನೇ ಧ್ಯಾನಿಸಿದ ಅಪ್ಪನಿಗೆ ಅದು ಬೆಳೆದದ್ದು ಗೊತ್ತೇ ಆಗಲಿಲ್ಲ ಅಂದರೆ ನಾನು ನಂಬುವುದಿಲ್ಲ. ಅವನಿಗೆ ಗೊತ್ತಾಗಬೇಕು, ತಡವಾಗಿ, ಆದರೆ ಪೂರ್ತಿ ತಡವಾಗಿ ಅಲ್ಲ.

ಹೇಗೆ ಗೊತ್ತಾಗುತ್ತದೆ? ಅವಳ ಹಳೇ ಶೂನಿಂದ. ಶೂ ಒಳಗಿನ ಮೆತ್ತೆಯನ್ನು ಹೊರಗೆಳೆದು ಬೆಳಕಿಗೆ ಹಿಡಿದು ನೋಡಿ. ದಿನವೂ ಹಾಕಿದ ಶೂ ಆದರೆ ಐದೂ ಬೆರಳಿನ ಗುರುತು ಕಪ್ಪಗೆ ಅಚ್ಚೊತ್ತಿರುತ್ತದೆ. ಸರಿಯಾದ ಶೂನಲ್ಲಿ ಹೆಬ್ಬೆರಳ ಗುಳಿಯ ಮುಂದೆ ಇನ್ನೂ ಬಿಳಿ ಜಾಗ ಕಾಣುತ್ತದೆ. ಸಾಲದಾದ ಶೂನಲ್ಲಿ ಗುಳಿ ಅಂಚಿಗೇ ಬಂದು ನಿಂತಿರುತ್ತದೆ, ಕೆಲವೊಮ್ಮೆ ಅಂಚು ಸವೆದು ತೆಳ್ಳಗಾಗಿರುತ್ತದೆ. ಮಕ್ಕಳು ಬಾಯಿಬಿಟ್ಟು ಹೇಳದಿದ್ದರೂ ಮೆತ್ತೆ ಹೇಳುತ್ತದೆ. ನಾನು ಹೊಸ ಮಕ್ಕಳು ಬಂದಾಗ ಮೊದಲು ಕೇಳುತ್ತಿದ್ದದ್ದೇ "ಶೂ ಬಿಚ್ಚು, ಮೆತ್ತೆ ತೆಗೆ" ಎಂದು. ಮನೆಯಲ್ಲಿ ಹೊಸ ಶೂ ಕೇಳಲು ಹಿಂಜರಿಯುವ ಮಗು ಯಾರು ಅನ್ನುವುದು ಅಲ್ಲೇ ತಿಳಿಯುತ್ತಿತ್ತು. ನಿಮ್ಮ ಹುಡುಗಿಯೂ ಕೇಳದವಳು, ಅಲ್ವಾ? ಹಾಗಿದ್ದರೆ ಅವಳ ಮೌನವನ್ನು ನೀವು ವರ್ಣಿಸಬೇಕಾಗಿಲ್ಲ. ಒಂದು ಮಳೆಯ ದಿನ ಅವಳ ಶೂ ಒದ್ದೆಯಾಗಿ ಬರಲಿ. ಅಪ್ಪ ಒಣಗಿಸಲು ಮೆತ್ತೆ ಹೊರತೆಗೆಯಲಿ. ಜೇಬಿನ ಕಾಗದ ಬಿಚ್ಚಿ ಅದರ ಪಕ್ಕ ಇಡಲಿ.

ಆಮೇಲೆ ಗುಟ್ಟು ಒಡೆಯಲೇಬೇಕು, ಯಾಕೆಂದರೆ ಸ್ಪೈಕ್ಸ್ ಸೈಜನ್ನು ಊಹೆಯಿಂದ ಕೊಳ್ಳಲಾಗದು. ಕಥೆಯ ತಿರುವು ಇಲ್ಲಿ ಬರಲಿ, ಕೂಟಕ್ಕೆ ಮೂರು ವಾರ ಇರುವಾಗ. ಒಬ್ಬರೂ ಒಂದು ಭಾವುಕ ಮಾತು ಆಡದೆ ಗುಟ್ಟು ಬಯಲಾಗುವ ದಾರಿ ನಿಮ್ಮ ಕೈಯಲ್ಲೇ ಇದೆ. ನಾನಾದರೆ ಸುಮಾರು ಹೀಗೆ ಬರೆಯುತ್ತಿದ್ದೆ:

"ಇಲ್ಲಿ ನಿಲ್ಲು" ಎಂದ ಅಪ್ಪ. ಗೋಡೆಗೆ ಹಿಮ್ಮಡಿ ತಾಗಿಸಿ ನಿಂತಳು. ಕಾಲ ಕೆಳಗೆ ಕಾಗದ. "ಎರಡೂ ಕಾಲಿನ ಮೇಲೆ ಭಾರ ಹಾಕು. ಬೆರಳು ಮಡಚಬೇಡ." ಅಪ್ಪ ಮೊಣಕಾಲೂರಿ ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಎಳೆದ. ಕಿರುಬೆರಳ ಹತ್ತಿರ ಕಚಗುಳಿಯಾಗಿ ಅವಳು ಕಾಲೆಳೆದುಕೊಂಡಳು. "ಅಲ್ಲಾಡಬೇಡ್ವೇ." ಮತ್ತೆ ಇಟ್ಟಳು. ಕಾಲೆತ್ತಿ ನೋಡಿದಾಗ ಕಾಗದದ ಮೇಲೆ ಎರಡು ಪಾದ ಇದ್ದವು. ಈಗ ಎಳೆದ ಕಪ್ಪು ಗೆರೆಯ ಒಳಗೆ ಇನ್ನೊಂದು, ಮಾಸಿದ್ದು, ಚಿಕ್ಕದು. ಮಡಿಕೆ ಬಿದ್ದ ಕಡೆ ಅಳಿಸಿಹೋಗಿತ್ತು. ಮೂಲೆಯಲ್ಲಿ ಅಪ್ಪನ ಕೈಬರಹದಲ್ಲಿ ಒಂದು ತಾರೀಕು. ಅವಳು ಬೆರಳು ಮಡಚಿ ತಿಂಗಳು ಎಣಿಸಿದಳು. "ಅಪ್ಪಾ, ಇದು ಯಾವಾಗ ತೆಗೆದದ್ದು?" "ನೀನು ಮಲಗಿದ್ದಾಗ" ಎಂದ ಅಪ್ಪ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಸ್ಕೇಲು ಹುಡುಕತೊಡಗಿದ.

ಇಲ್ಲಿ ಅಪ್ಪ ಕೂಡಿಟ್ಟ ವಿಷಯ ಯಾರೂ ಹೇಳಲಿಲ್ಲ. ಎರಡು ಗೆರೆಗಳ ನಡುವೆ ಅದು ಇದೆ. ನಿಮ್ಮದೇ ಮಾತಿನಲ್ಲಿ ಬರೆಯಿರಿ, ಆದರೆ ಒಂದು ವಿಷಯ ಬಿಡಬೇಡಿ: ಎರಡನೇ ಅಳತೆ ಹಳೇ ಕಾಗದದ ಮೇಲೆಯೇ ಆಗಬೇಕು. ಅಂದಹಾಗೆ, ಅಳತೆ ಸಂಜೆ ತೆಗೆಸಿ. ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಶೂ ಕೊಳ್ಳುವವರು ಆ ಅಳತೆಯನ್ನೇ ನಂಬುವುದು. ಎರಡೂ ಪಾದ ತೆಗೆಯಬೇಕು, ದೊಡ್ಡದಕ್ಕೆ ಹೊಂದಿಸಬೇಕು.

ಕೂಡಿಡುವ ಭಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮ್ಮ ಈಗಿನ ಕಥೆಯಲ್ಲಿ ಅಪ್ಪ ಏನೇನು ಬಿಟ್ಟ ಎಂಬ ಪಟ್ಟಿ ಇರಬಹುದು ಎಂದು ನನ್ನ ಊಹೆ. ಒಂದನ್ನು ಮಾತ್ರ ಉಳಿಸಿಕೊಳ್ಳಿ. ಸೈಕಲ್ಲಿನ ಹಿಂದಿನ ಟೈರು ಸವೆದು ನೂಲು ಕಾಣುತ್ತಿದೆ, ಅವನು ಹೊಸದು ಹಾಕಿಸುವುದನ್ನು ಮುಂದಕ್ಕೆ ಹಾಕುತ್ತಲೇ ಇದ್ದಾನೆ, ಟ್ಯೂಬಿಗೆ ತೇಪೆ ಮೇಲೆ ತೇಪೆ. ಇಷ್ಟು ಸಾಕು. ಮಗಳಿಗೆ ಹಿಡಿತ ಕೊಡಲು ಹೊರಟವನ ಟೈರಿಗೆ ಹಿಡಿತ ಇಲ್ಲ ಎಂದು ನೀವು ಬಾಯಿಬಿಟ್ಟು ಹೇಳಬಾರದು, ಓದುವವರು ನೋಡಿಕೊಳ್ಳುತ್ತಾರೆ. ದುಡ್ಡಿನ ಮೊತ್ತ ಬರೆಯಬೇಡಿ. ಇಷ್ಟು ರಾತ್ರಿ ಹೆಚ್ಚುವರಿ ಪಾಳಿ ಎಂದು ಎಣಿಸಿ. ಒಂದು ತಿಂಗಳು ದುಡ್ಡಿನ ಡಬ್ಬಿಗೆ ಏನೂ ಬೀಳದೇ ಇರಲಿ, ಇದ್ದದ್ದರಲ್ಲಿ ಸ್ವಲ್ಪ ಹೊರಗೂ ಹೋಗಲಿ.

ಈಗ ಆ ಮೂರು ವಾರ. ಓಟ ಗೊತ್ತಿಲ್ಲದವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನ್ನ ಕಣ್ಣಿಗೆ ಅಪ್ಪ ಮಗಳು ನಿಜವಾಗಿ ಜೊತೆಯಾಗುವುದು ಇಲ್ಲೇ. ಮೊದಲ ದಿನ ಮನೆಯಲ್ಲಿ. ಪಿನ್ ಹಾಕಿಕೊಂಡೇ ಮನೆಯೊಳಗೆ ನಿಂತರೆ ನುಣುಪು ನೆಲದ ಮೇಲೆ ಕಾಲು ಜಾರುತ್ತದೆ, ನೆಲಕ್ಕೆ ಗೀರು ಬೀಳುತ್ತದೆ. ಸಿಮೆಂಟಿನ ಮೇಲೆ ನಡೆದರೆ ಪಿನ್ ಮೊಂಡಾಗುತ್ತದೆ. ಹಾಗಾಗಿ ಜೊತೆಗೆ ಬಂದ ಸಣ್ಣ ಕೀಲಿಯಿಂದ ಪಿನ್ನುಗಳನ್ನು ಬಿಚ್ಚಿ, ಹತ್ತು ನಿಮಿಷ ಬರೀ ನಡೆಯಬೇಕು. ಎಲ್ಲಿ ಒತ್ತುತ್ತದೆ ಎಂದು ಅಲ್ಲೇ ತಿಳಿಯುತ್ತದೆ. ಮೈದಾನದ ಮಣ್ಣು ತಾಗುವ ಮೊದಲಾದರೆ ಅಂಗಡಿಯವರು ಬದಲಾಯಿಸಿಕೊಟ್ಟಾರು. ಆಮೇಲೆ ಕಷ್ಟ.

ಮೈದಾನದಲ್ಲಿ ಮೊದಲ ಸಲ: ಮಾಮೂಲಿ ಶೂನಲ್ಲೇ ಮೈ ಬಿಸಿ ಮಾಡಿಕೊಂಡು, ಕೊನೆಗೆ ಸ್ಪೈಕ್ಸ್ ಹಾಕಿ 60 ಮೀಟರಿನ ನಾಲ್ಕು ಓಟ, ಪೂರ್ತಿ ವೇಗದಲ್ಲಿ ಅಲ್ಲ. ಅಷ್ಟೇ, ಬಿಚ್ಚಿಡಬೇಕು. ವಾರಕ್ಕೆ ಎರಡು ಸಲ ಹೀಗೆ. ಎರಡನೇ ವಾರ ತಿರುವಿನಲ್ಲಿ ಓಟ, ಆಮೇಲೆ ಸ್ಟಾರ್ಟಿಂಗ್ ಬ್ಲಾಕಿನಿಂದ. ಹುಡುಗಿಗೆ ತಕ್ಷಣ ವೇಗ ಬರುವುದಿಲ್ಲ. ಕಾಲು ಎಳೆದು ಓಡುವ ಅಭ್ಯಾಸ ಇದ್ದರೆ ಪಿನ್ ನೆಲಕ್ಕೆ ಸಿಕ್ಕಿ ಮುಗ್ಗರಿಸುತ್ತಾಳೆ. ಒಂದು ಕಾಲಿನ ಪಿನ್ ಇನ್ನೊಂದು ಮೀನಖಂಡದ ಒಳಬದಿಗೆ ಉದ್ದ ಗೀರು ಹಾಕುತ್ತದೆ. ಹೊಸಬರ ಕಾಲಿನಲ್ಲಿ ಈ ಗೀರು ಸಾಮಾನ್ಯ. ಮರುದಿನ ಮೆಟ್ಟಿಲಿಳಿಯುವಾಗ ಮೀನಖಂಡ ನೋಯುತ್ತದೆ. ಅದು ಸರಿಯಾದ ನೋವು, ಎರಡು ದಿನಕ್ಕೆ ಹೋಗುತ್ತದೆ.

ಇನ್ನೊಂದು ನೋವಿದೆ. ಅದು ಸರಿಯಲ್ಲ. ಹತ್ತರಿಂದ ಹದಿಮೂರರ ಆಸುಪಾಸಿನ ಮಕ್ಕಳಲ್ಲಿ ಹಿಮ್ಮಡಿ ಮೂಳೆಯ ಬೆಳೆಯುವ ಭಾಗ ಇನ್ನೂ ಮೃದುವಾಗಿರುತ್ತದೆ. ಮೀನಖಂಡದ ಸ್ನಾಯುರಜ್ಜು ಹಿಡಿದೆಳೆಯುವುದು ಅದನ್ನೇ. ಹಿಮ್ಮಡಿಯನ್ನು ಎರಡು ಕಡೆಯಿಂದ ಹೆಬ್ಬೆರಳು ತೋರುಬೆರಳಿನಲ್ಲಿ ಒತ್ತಿದಾಗ ಮಗು "ಆ" ಅಂದರೆ ಸ್ಪೈಕ್ಸ್ ಪಕ್ಕಕ್ಕಿಡಬೇಕು. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ನಿಮ್ಮ ಕಥೆಗೆ ಈ ನೋವು ತರಬೇಡಿ, ಕಥೆ ಬೇರೆ ಕಡೆ ಹೋಗುತ್ತದೆ. ಆದರೆ ಅಪ್ಪ ದಿನಾ ಸಂಜೆ ಅವಳ ಹಿಮ್ಮಡಿಯನ್ನು ಹೀಗೆ ಒತ್ತಿ ನೋಡುತ್ತಾನೆ, ಅವಳು "ಇಲ್ಲಪ್ಪಾ, ಏನಿಲ್ಲ" ಅನ್ನುತ್ತಾಳೆ ಅನ್ನುವುದನ್ನು ಖಂಡಿತ ತರಬಹುದು. ಕೋಚ್ ಒಮ್ಮೆ ತೋರಿಸಿಕೊಟ್ಟದ್ದನ್ನು ಅವನು ಬಿಡದೆ ಮಾಡುವುದು ನನಗೆ ಕಣ್ಣೆದುರೇ ಕಾಣುತ್ತದೆ.

ಪಿನ್ನಿನ ಬಗ್ಗೆ ಸ್ವಲ್ಪ. ನಿಮ್ಮ ಕಥೆ ಯಾವ ಕಾಲದ್ದು, ಯಾವ ನೆಲದ್ದು ಎಂದು ಮೊದಲೇ ತೀರ್ಮಾನಿಸಿ. ಒಲಿಂಪಿಕ್ಸಿನ ಓಟಗಳು ಸಿಂಥೆಟಿಕ್ ಟ್ರ್ಯಾಕಿಗೆ ಬಂದದ್ದೇ 1968ರಲ್ಲಿ, ಮೆಕ್ಸಿಕೋ ಸಿಟಿಯಲ್ಲಿ. ಅದಕ್ಕೂ ಮೊದಲು ಕಲ್ಲಿದ್ದಲ ಬೂದಿ ಮತ್ತು ಮಣ್ಣಿನ ಟ್ರ್ಯಾಕುಗಳು. 1936ರ ಬರ್ಲಿನ್‌ನಲ್ಲಿ ಜೆಸ್ಸಿ ಓವನ್ಸ್ ಓಟದ ಮೊದಲು ಸಣ್ಣ ಕರಣೆಯಿಂದ ಕಾಲಿಡಲು ಗುಳಿ ತೋಡಿಕೊಳ್ಳುತ್ತಿದ್ದರು. ಆ ಕಾಲದ ಚರ್ಮದ ಶೂಗಳಿಗೆ ಉದ್ದನೆಯ ಮೊಳೆಗಳು. ಕಥೆ ಈಗಿನದಾದರೆ ಸಿಂಥೆಟಿಕ್ ಟ್ರ್ಯಾಕಿಗೆ ಸಾಮಾನ್ಯವಾಗಿ 6 ಮಿಲಿಮೀಟರ್ ಪಿನ್. ಅಂತರರಾಷ್ಟ್ರೀಯ ನಿಯಮದಲ್ಲಿ ಓಟಕ್ಕೆ 9 ಮಿಲಿಮೀಟರಿಗಿಂತ ಉದ್ದ ಇರಬಾರದು, ಒಂದು ಶೂಗೆ ಹನ್ನೊಂದಕ್ಕಿಂತ ಜಾಸ್ತಿ ಪಿನ್ ಇರಬಾರದು. ಮೈದಾನದವರು ಇನ್ನೂ ಚಿಕ್ಕದೇ ಬೇಕು ಅನ್ನಬಹುದು. ಮಣ್ಣಿನ ನೆಲಕ್ಕೆ ಉದ್ದದ್ದು ನಡೆಯುತ್ತದೆ, ಅಲ್ಲಿ ಅದು ಬೇಕು ಕೂಡ. ಕೆಲವು ಕೂಟಗಳಲ್ಲಿ ಚಿಕ್ಕ ಮಕ್ಕಳಿಗೆ ಸ್ಪೈಕ್ಸನ್ನೇ ಬಿಡುವುದಿಲ್ಲ. ನಿಮ್ಮ ಅಪ್ಪ ಮೊದಲ ತಿಂಗಳಲ್ಲೇ ಶಾಲೆಗೆ ಹೋಗಿ ಇದನ್ನು ಕೇಳಿ ಬಂದಿರಬೇಕು. ಇಲ್ಲದಿದ್ದರೆ ಓಟ ಗೊತ್ತಿರುವ ಓದುಗರು ಕೊನೆಯವರೆಗೂ ಅದೇ ಭಯದಲ್ಲಿ ಓದುತ್ತಾರೆ.

ಈಗ ರೇಸ್. ಅವಳನ್ನು ಗೆಲ್ಲಿಸಬೇಡಿ ಎಂದು ಹೇಳಲು ನನಗೆ ಎರಡು ಕಾರಣ ಇವೆ. ಮೊದಲನೆಯದು, ಸ್ಪೈಕ್ಸ್ ಅಷ್ಟು ದೊಡ್ಡ ಕೆಲಸ ಮಾಡುವುದಿಲ್ಲ. ಹಗುರ ಇರುತ್ತದೆ, ನೆಲ ಕಚ್ಚುತ್ತದೆ, ತಿರುವಿನಲ್ಲಿ ಹೆದರದೆ ಒರಗಿ ಓಡಬಹುದು, ಮಳೆ ಬಿದ್ದಿದ್ದರೆ ವ್ಯತ್ಯಾಸ ಇನ್ನೂ ಜಾಸ್ತಿ. ಆದರೂ ಲಾಭ ಸೆಕೆಂಡಿನ ಹತ್ತನೇ ಒಂದೆರಡು ಭಾಗದ ಲೆಕ್ಕದಲ್ಲಿ. ಎರಡನೆಯದು, ಆ ಲಾಭ ಎಷ್ಟು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅದರಲ್ಲೇ ನಿಮಗೆ ಒಳ್ಳೆಯ ದೃಶ್ಯ ಇದೆ.

ನೋಡಿ, ಕಳೆದ ಕೂಟದಲ್ಲಿ ಅವಳ ಸಮಯ 31.2 ಸೆಕೆಂಡ್ ಅನ್ನಿ. ಈ ಸಲ 30.6. ಆರು ಹತ್ತಾಂಶ ಕಡಿಮೆಯಾಯಿತು. ಶೂನಿಂದಲೋ? ಇಷ್ಟು ತಿಂಗಳಲ್ಲಿ ಅವಳ ಪಾದ ಬೆಳೆದಿದೆ, ಕಾಲು ಬೆಳೆದಿದೆ, ಹೆಜ್ಜೆ ಉದ್ದವಾಗಿದೆ, ಅಭ್ಯಾಸ ನಡೆದಿದೆ. ಯಾವುದರಿಂದ ಎಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಮೇಲಾಗಿ ಶಾಲಾ ಕೂಟಗಳಲ್ಲಿ ಸಾಮಾನ್ಯವಾಗಿ ಕೈಯಲ್ಲಿ ಹಿಡಿದ ಸ್ಟಾಪ್‌ವಾಚಿನಿಂದಲೇ ಸಮಯ ಹಿಡಿಯುತ್ತಾರೆ. ಗನ್ ಹೊಡೆದಾಗ ಹೆಬ್ಬೆರಳು ಒತ್ತಲು ತಗಲುವ ಹೊತ್ತಿನಿಂದಾಗಿ, ಕೈಯಲ್ಲಿ ಹಿಡಿದ ಸಮಯ 100 ಮತ್ತು 200 ಮೀಟರಿನಲ್ಲಿ ಎಲೆಕ್ಟ್ರಾನಿಕ್ ಸಮಯಕ್ಕಿಂತ ಸುಮಾರು 0.24 ಸೆಕೆಂಡ್ ಕಡಿಮೆ ಬರುತ್ತದೆ ಎಂದು ಲೆಕ್ಕ. ಶೂನಿಂದ ಸಿಗುವ ಲಾಭಕ್ಕಿಂತ ಕೈಯ ತಪ್ಪೇ ದೊಡ್ಡದು.

200 ಮೀಟರ್ ಓಟ ಎಲ್ಲಿಂದ ಶುರುವಾಗುತ್ತದೆ ಗೊತ್ತೇ? 400 ಮೀಟರ್ ಸುತ್ತಿನ ಟ್ರ್ಯಾಕಿನಲ್ಲಿ ಕೊನೆಯ ಗೆರೆಗೆ ಮೈದಾನದ ಕರ್ಣದಲ್ಲಿ, ಆಚೆ ಮೂಲೆಯಲ್ಲಿ. ಅಪ್ಪ ಕೊನೆಯ ಗೆರೆಯ ಹತ್ತಿರ ನಿಂತಿದ್ದರೆ ಮಗಳು ಅವನಿಂದ ಸುಮಾರು 110 ಮೀಟರ್ ದೂರ, ಒಂದು ಬಣ್ಣದ ಚುಕ್ಕೆ. ಗನ್ನಿನ ಹೊಗೆ ಮೊದಲು ಕಾಣುತ್ತದೆ, ಸದ್ದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡವಾಗಿ ಬರುತ್ತದೆ. ಅನುಭವಿ ಟೈಮ್‌ಕೀಪರುಗಳು ಹೊಗೆ ನೋಡಿ ಒತ್ತುತ್ತಾರೆ. ಅಪ್ಪ ಸದ್ದು ಕೇಳಿ ಒತ್ತುತ್ತಾನೆ. ಹಾಗಾಗಿ ಅವನ ವಾಚಿನಲ್ಲಿ 30.3 ಬಂದಿರುತ್ತದೆ. ಹಲಗೆಯ ಮೇಲೆ ಬರೆದದ್ದು 30.6. ಅವಳು ಹೀಟ್ಸಿನಲ್ಲಿ ಮೂರನೆಯವಳು, ಫೈನಲ್‌ಗೆ ಹೋಗಲಿಲ್ಲ. ಅಪ್ಪ ವಾಚು ಹಿಡಿದು ಓಡಿ ಬರುತ್ತಾನೆ, ಅವರು ತಪ್ಪು ಬರೆದಿದ್ದಾರೆ, ಕೇಳೋಣ ಬಾ ಎಂದು. ಅವಳು ಏದುಸಿರು ಬಿಡುತ್ತಾ ಲೇಸ್ ಬಿಚ್ಚುತ್ತಿದ್ದಾಳೆ. "ಅಪ್ಪಾ, ನೀನು ಸದ್ದು ಕೇಳಿ ಒತ್ತಿದ್ಯಾ? ಹೊಗೆ ನೋಡಿ ಒತ್ತಬೇಕು."

ರೇಸನ್ನು ಅವನ ಕಣ್ಣಿನಿಂದಲೇ ಬರೆಯಿರಿ. ಚುಕ್ಕೆ ತಿರುವು ದಾಟಿ ನೇರ ಹಾದಿಗೆ ಬಂದಾಗ ಮಾತ್ರ ಅದು ಮಗಳಾಗುತ್ತದೆ. ಅಲ್ಲಿಯವರೆಗೆ ಅವನಿಗೆ ಕಾಣುವುದು ಕಾಲುಗಳಷ್ಟೇ. ಮೂವತ್ತು ಸೆಕೆಂಡಿನ ವಿಷಯ, ಅರ್ಧ ಪುಟಕ್ಕಿಂತ ಜಾಸ್ತಿ ಬೇಡ. ಅವಳು ತಿರುವಿನಲ್ಲಿ ಜಾರಲಿಲ್ಲ ಅನ್ನುವುದು ಸಾಕು. ಹಿಂದಿನ ವರ್ಷ ಅಲ್ಲೇ ಜಾರಿದ್ದನ್ನು ನೀವು ಕಥೆಯ ಶುರುವಿನಲ್ಲೇ ಹೇಳಿದ್ದರೆ.

ಮುಕ್ತಾಯಕ್ಕೆ ಒಂದು ಕೆಲಸ ಹೇಳುತ್ತೇನೆ, ಬೇಕಾದರೆ ಬಳಸಿಕೊಳ್ಳಿ. ರೇಸ್ ಮುಗಿದ ಸಂಜೆ ಪಿನ್ನುಗಳನ್ನು ಬಿಚ್ಚಬೇಕು. ಒದ್ದೆ ಮಣ್ಣಿನ ಜೊತೆ ಹಾಗೇ ಬಿಟ್ಟರೆ ತುಕ್ಕು ಹಿಡಿದು ತಿರುಪಿನಲ್ಲಿ ಕಚ್ಚಿಕೊಳ್ಳುತ್ತವೆ, ಮುಂದಿನ ಸಲ ಕೀಲಿ ಹಾಕಿದರೆ ತಲೆ ಸವೆಯುತ್ತದೆಯೇ ಹೊರತು ಪಿನ್ ಬರುವುದಿಲ್ಲ. ಅಪ್ಪ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಟ್ಟೆ ಉಜ್ಜುತ್ತಾನೆ, ಒಂದೊಂದೇ ಪಿನ್ ಬಿಚ್ಚಿ ಬಟ್ಟಲಿಗೆ ಹಾಕುತ್ತಾನೆ. ಒಂದು ಶೂಗೆ ಏಳು, ಎರಡಕ್ಕೆ ಹದಿನಾಲ್ಕು ಇರಬೇಕು. ಎಣಿಸಿದರೆ ಹದಿಮೂರು. ಬಿಗಿಯಾಗಿ ಕೂರಿಸದ ಪಿನ್ ಓಟದ ನಡುವೆ ಬಿದ್ದುಹೋಗುವುದು ಅಪರೂಪ ಏನಲ್ಲ. ಮತ್ತೆ ಎಣಿಸುತ್ತಾನೆ. ಶೂ ತಿರುಗಿಸಿ ನೋಡುತ್ತಾನೆ, ಬಲಗಾಲಿನದು, ಒಳ ಅಂಚಿನ ಎರಡನೇ ತೂತು ಖಾಲಿ. ತಿರುವಿನಲ್ಲಿ ಎಡಕ್ಕೆ ಒರಗಿ ಓಡುವವರ ಬಲಗಾಲಿನ ಮೇಲೆ ಬೀಳುವ ಒತ್ತಡ ಅವನಿಗೆ ಗೊತ್ತಿರಬೇಕಾಗಿಲ್ಲ. ಅವನು ಆ ತೂತಿಗೆ ಬೆರಳಿಟ್ಟು, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ನೂಲು ಕಾಣುವ ಟೈರಿನ ಆ ಸೈಕಲ್ಲು ಹತ್ತಿ ಬೆಳಕಿರುವಾಗಲೇ ಮೈದಾನದ ಕಡೆಗೆ ಹೊರಡಲಿ.